‘ಡಬ್ಬ’ ಅನ್ನೋದು ಅಳತೆಯಲ್ಲ

ಮೂರು ವರ್ಷದ ಹಿಂದೆ ಎರಡು ಏರ್ ಪ್ಯೂರಿಫೈಯರ್‌ಗಳನ್ನ ಹೋಲಿಸಿ ನಾನೊಂದು ಬರಹ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಇವೆರಡರಲ್ಲಿ ಗಿಡ್ಡದ್ದು ಬರೀ ಡಬ್ಬ. ಆ ಕಂಪನಿಯವರು ಶುದ್ಧ ಮಾಡೋದು ಗಾಳಿಯನ್ನಲ್ಲ, ನಿಮ್ಮ ಜೇಬನ್ನ.’ ಅವತ್ತಿನವರೆಗೆ ನಾನು ಬರೆದಿದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ಆಫೀಸಿನಲ್ಲಿ ಹೆಸರೂ ಗೊತ್ತಿಲ್ಲದವರು ಲಿಫ್ಟ್‌ನಲ್ಲಿ ಸಿಕ್ಕಿ ‘ಜೇಬು ಶುದ್ಧ, ಸೂಪರ್ ಗುರು’ ಅಂದರು. ಆ ಸಾಲು ಸುಳ್ಳು. ಅಷ್ಟೇ ಆಗಿದ್ದರೆ ಇವತ್ತು ಇದನ್ನ ಬರೀತಿರಲಿಲ್ಲ. ಅದನ್ನ ನಂಬಿ ಒಬ್ಬರು ದುಡ್ಡು ಸುರಿದರು, ಆ ಒಬ್ಬರು ನಮ್ಮ ದೊಡ್ಡಪ್ಪನ ಮಗಳು.

ಅಕ್ಕ ನಮ್ಮ ಸತ್ತೇಗಾಲದವಳೇ, ಮದುವೆಯಾಗಿ ಬೆಂಗಳೂರಿಗೆ ಬಂದವಳು. ರಸ್ತೆ ಪಕ್ಕದ ಎರಡನೇ ಮಹಡಿ ಮನೆ, ಎದುರಿಗೆ ಮುಗಿಯದ ಕಟ್ಟಡದ ಕೆಲಸ, ಆರು ವರ್ಷದ ಮಗನಿಗೆ ರಾತ್ರಿಯಾದರೆ ಉಬ್ಬಸ. ನಾನು ಬರೆದಿದ್ದನ್ನ ಓದಿ ‘ಉದ್ದದ್ದು’ ತರಿಸಿಕೊಂಡಳು. ಎರಡು ತಿಂಗಳು ಬಿಟ್ಟು ಮನೆಗೆ ಹೋದಾಗ ಅದು ಮಲಗುವ ಕೋಣೆಯ ಮೂಲೆಯಲ್ಲಿ ನಿಂತಿತ್ತು. ಮೇಲೆ ಮಿಕ್ಸಿಗೆ ಹೊದಿಸುವ ಹೂವಿನ ಕವರು.

‘ನೀನೇ ಬರ್ದಿದ್ದಲ್ಲ ತಮ್ಮ, ಇದೇ ನಂಬರ್ ಒನ್ನು ಅಂತವ. ರಾತ್ರಿ ಹಾಕುದ್ರೆ ಅಕ್ಕಿ ಮಿಲ್ಲು ಓಡ್ದಂಗೆ ಆಯ್ತದೆ ಕನ. ಮಗ ಮಲಗಲ್ಲ. ಅದ್ಕೇ ಆರಿಸ್ಬುಟ್ಟೆ’ ಅಂದಳು. ಕೋಪ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಯಂತ್ರ ಬೇಕಾಗಿದ್ದಿದ್ದೇ ರಾತ್ರಿಗೆ. ಆ ರಾತ್ರಿಯಲ್ಲೇ ಅದು ಆಫ್.

ನಾನು ಏನು ಮಾಡಿದ್ದೆ ಅಂತ ಈಗ ಬಿಡಿಸಿ ಹೇಳ್ತೀನಿ. ಇದನ್ನ ನಾನೊಬ್ಬನೇ ಮಾಡಿದ್ದಲ್ಲ, ನಮ್ಮಲ್ಲಿ ಬರುವ ಹೋಲಿಕೆಗಳಲ್ಲಿ ಹೆಚ್ಚಿನವು ಹೀಗೇ ಇವೆ. ಎರಡನ್ನೂ ಹಾಲಿನಲ್ಲಿ ಇಟ್ಟೆ. ಉದ್ದದ್ದನ್ನ ಟರ್ಬೋದಲ್ಲಿ ಓಡಿಸಿದೆ, ಯಾಕೆಂದರೆ ಡಬ್ಬದಿಂದ ತೆಗೆದ ಖುಷಿಗೆ ಮೊದಲು ಒತ್ತಿದ್ದೇ ಆ ಬಟನ್. ಗಿಡ್ಡದ್ದನ್ನ ‘ಆಟೋ’ದಲ್ಲಿ ಬಿಟ್ಟೆ. ಆಮೇಲೆ ಎರಡರ ಮೇಲೂ ಬರುವ ನಂಬರ್ ನೋಡಿಕೊಂಡು ತೀರ್ಪು ಕೊಟ್ಟೆ. ಎರಡು ತಪ್ಪು ಇಲ್ಲೇ ಆಯಿತು. ಆಟೋ ಅಂದರೆ ಯಂತ್ರ ತನ್ನದೇ ಸೆನ್ಸರ್ ನೋಡಿಕೊಂಡು ಫ್ಯಾನಿನ ವೇಗ ತಾನೇ ಇಳಿಸಿಕೊಳ್ಳುವುದು. ಆ ಸೆನ್ಸರ್ ಇರೋದು ಯಂತ್ರದ ಮೈಯಲ್ಲೇ, ಅಂದರೆ ಕೋಣೆಯಲ್ಲಿ ಎಲ್ಲಕ್ಕಿಂತ ಮೊದಲು ಗಾಳಿ ಶುದ್ಧವಾಗುವ ಜಾಗದಲ್ಲಿ. ಕೋಣೆಯ ಆಚೆ ತುದಿಯಲ್ಲಿ ಇನ್ನೂ ಹೊಗೆ ಇರುವಾಗಲೇ ಅದು ‘ಆಯ್ತು’ ಅಂದುಕೊಂಡು ವೇಗ ತಗ್ಗಿಸುತ್ತೆ. ಒಬ್ಬನನ್ನ ಓಡಿಸಿ, ಇನ್ನೊಬ್ಬನನ್ನ ‘ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ನಡಿ’ ಅಂತ ಬಿಟ್ಟು, ಕೊನೆಗೆ ನಡೆದವನಿಗೆ ಕುಂಟ ಅಂದ ಹಾಗಾಯಿತು.

ಈಗ ಯಾರಾದರೂ ‘ಹಾಗಾದರೆ ಇನ್ನು ಮೇಲೆ ಯಾರನ್ನೂ ಬೈಯಬೇಡಿ, ಎರಡೂ ಚೆನ್ನಾಗಿವೆ ಅಂತ ಬರೀರಿ’ ಅನ್ನಬಹುದು. ಅದಕ್ಕೂ ನನ್ನ ವಿರೋಧವಿದೆ. ‘ಎರಡೂ ಒಳ್ಳೆಯ ಬ್ರ್ಯಾಂಡ್, ನಿಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಳ್ಳಿ’ ಅಂತ ಮುಗಿಯುವ ಬರಹ ಅಕ್ಕನಿಗೆ ಏನು ಹೇಳಿತು? ತನ್ನ ಅಗತ್ಯ ಅವಳಿಗೆ ಗೊತ್ತಿತ್ತು. ಯಂತ್ರಗಳ ಬಗ್ಗೆ ಗೊತ್ತಿರಲಿಲ್ಲ, ಅದಕ್ಕೇ ಓದಿದ್ದು. ಬೈಗುಳದ ಬರಹದಲ್ಲೂ ಅಳತೆ ಇಲ್ಲ, ಬೆಣ್ಣೆ ಹಚ್ಚುವ ಬರಹದಲ್ಲೂ ಅಳತೆ ಇಲ್ಲ. ಇನ್ನೊಂದು ಬ್ರ್ಯಾಂಡನ್ನ ಹೀಯಾಳಿಸದೆ ಬರೆಯೋದು ಅಂದರೆ ಅದಕ್ಕೆ ವಿರುದ್ಧವಾದ ಸಂಗತಿಯನ್ನ ನುಂಗಿಕೊಳ್ಳೋದಲ್ಲ. ಆ ಸಂಗತಿಯನ್ನ ಯಾವ ಕೋಣೆಯಲ್ಲಿ, ಯಾವ ವೇಗದಲ್ಲಿ, ಎಷ್ಟು ಸಲ ನೋಡಿದೆ ಅನ್ನುವುದರ ಜೊತೆಗೆ ಇಡುವುದು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದ ಕಾಲಕ್ಕೆ ಅಪ್ಪನ ಜೊತೆ ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಬಿಚ್ಚಣಿಕೆಯವರು ಬಂದು ಒಂದು ಹಿಡಿ ಗೂಡು ಕೈಗೆ ತಗೊಂಡು, ಕಿವಿ ಹತ್ತಿರ ಅಲ್ಲಾಡಿಸಿ, ಒಂದನ್ನ ಕತ್ತರಿಸಿ ಒಳಗೆ ನೋಡುತ್ತಿದ್ದರು. ಅವರಿಗೆ ಬೇಕಿದ್ದದ್ದು ರೆಂಡಿಟ್ಟ, ಅಂದರೆ ಒಂದು ಕೆ.ಜಿ. ದಾರ ತೆಗೆಯೋದಕ್ಕೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನುವ ಲೆಕ್ಕ. ಒಬ್ಬರ ಗೂಡಿಗೆ ಏಳು, ಇನ್ನೊಬ್ಬರದಕ್ಕೆ ಎಂಟು. ಎಂಟರವನಿಗೆ ಕಡಿಮೆ ರೇಟು ಸಿಗುತ್ತಿತ್ತು. ಅದರಲ್ಲಿ ಅವಮಾನ ಇರಲಿಲ್ಲ, ನಷ್ಟ ಇತ್ತು. ಅವನು ಮನೆಗೆ ಹೋಗಿ ಸೊಪ್ಪಿನದೋ ಬಿಸಿಲಿನದೋ ತಪ್ಪು ಹುಡುಕುತ್ತಿದ್ದ. ‘ನಿನ್ನ ಗೂಡು ಕಚಡಾ’ ಅಂದಿದ್ದರೆ ಅಲ್ಲಿ ಜಗಳವಾಗುತ್ತಿತ್ತೇ ಹೊರತು ರೇಟು ಹುಟ್ಟುತ್ತಿರಲಿಲ್ಲ.

ಪ್ಯೂರಿಫೈಯರ್‌ಗೆ ಆ ರೆಂಡಿಟ್ಟದ ಜಾಗದಲ್ಲಿ ಇರೋದು ಸಿಎಡಿಆರ್. ಒಂದು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿಯನ್ನ ಯಂತ್ರ ಹೊರಗೆ ಕೊಡುತ್ತೆ ಅನ್ನುವ ಸಂಖ್ಯೆ. ಜಾಹೀರಾತುಗಳು ಇದನ್ನ ಮೂಲೆಗೆ ತಳ್ಳಿ ಬೇರೆ ಎರಡು ಸಂಖ್ಯೆಗಳ ಮೇಲೆ ಕುಸ್ತಿ ಆಡಿಸುತ್ತವೆ. ಮೊದಲನೆಯದು ಫಿಲ್ಟರಿನ ಶೇಕಡಾ. ಒಬ್ಬರು 99.95 ಅಂತಾರೆ, ಇನ್ನೊಬ್ಬರು 99.97 ಅಂತಾರೆ, ನಮ್ಮಂಥವರು ‘ನೋಡಿ, ಅದಕ್ಕಿಂತ ಇದು ಮೇಲು’ ಅಂತ ಬರೀತೀವಿ. ಹತ್ತು ಸಾವಿರ ಕಣ ಒಳಗೆ ಹೋದರೆ ಒಂದರಲ್ಲಿ ಐದು ತಪ್ಪಿಸಿಕೊಂಡವು, ಇನ್ನೊಂದರಲ್ಲಿ ಮೂರು, ಇಷ್ಟೇ ಅದರ ಅರ್ಥ. ಅದೂ ಎರಡನ್ನೂ ಒಂದೇ ಗಾತ್ರದ ಕಣದ ಮೇಲೆ ಪರೀಕ್ಷೆ ಮಾಡಿದ್ದರೆ. ಕೋಣೆಯ ಗಾಳಿ ಮತ್ತೆ ಮತ್ತೆ ಆ ಫಿಲ್ಟರಿನ ಮೂಲಕ ಹಾಯುತ್ತೆ, ಆ ಎರಡು ಕಣ ಮುಂದಿನ ಸುತ್ತಿನಲ್ಲಿ ಸಿಕ್ಕಿಬೀಳುತ್ತವೆ. ಗಾಳಿ ಎಷ್ಟು ಬೇಗ ಫಿಲ್ಟರಿನ ಹತ್ತಿರ ಬರುತ್ತೆ ಅನ್ನೋದೇ ಮುಖ್ಯ.

ಎರಡನೆಯದು ‘ಇಷ್ಟು ಚದರಡಿ ಕೋಣೆಗೆ’ ಅನ್ನುವ ಸಾಲು. ಇದರಲ್ಲಿ ನಾನೇ ಹಳ್ಳಕ್ಕೆ ಬಿದ್ದಿದ್ದೆ. ಅಮೆರಿಕದ ಗೃಹೋಪಯೋಗಿ ಯಂತ್ರ ತಯಾರಕರ ಸಂಘದ ಲೆಕ್ಕ ಒಂದು ತರ, ಚೀನಾದ ಮಾನದಂಡದ ಲೆಕ್ಕ ಇನ್ನೊಂದು ತರ. ಗಂಟೆಗೆ 300 ಘನ ಮೀಟರ್ ಕೊಡುವ ಒಂದೇ ಯಂತ್ರ ತಗೊಳ್ಳಿ. ಅಮೆರಿಕದ ಲೆಕ್ಕದಲ್ಲಿ ಅದು ಸುಮಾರು 275 ಚದರಡಿಗೆ ಸಾಕು. ಚೀನಾದ ಲೆಕ್ಕ ಒಂದೇ ಸಂಖ್ಯೆ ಕೊಡೋದಿಲ್ಲ, ಒಂದು ವ್ಯಾಪ್ತಿ ಕೊಡುತ್ತೆ: ಸುಮಾರು 225ರಿಂದ 390 ಚದರಡಿ. ಡಬ್ಬದ ಮೇಲೆ ಅಚ್ಚಾಗೋದು ಯಾವುದು ಅಂತ ಬೇರೆ ಹೇಳಬೇಕಿಲ್ಲ. ಒಂದು ಕಂಪನಿ 390 ಅಂತ ಹಾಕಿ ಇನ್ನೊಂದು 275 ಅಂತ ಹಾಕಿದರೆ ಮೊದಲನೆಯದು ದೊಡ್ಡ ಯಂತ್ರವೂ ಅಲ್ಲ, ಸುಳ್ಳು ಹೇಳುತ್ತಿದೆ ಅಂತಲೂ ಅಲ್ಲ. ಎರಡು ಬೇರೆ ಬೇರೆ ಸೇರಿನಲ್ಲಿ ಒಂದೇ ರಾಗಿ ಅಳೆದಿದ್ದಾರೆ. ‘ಇವರು ಮೋಸಗಾರರು’ ಅಂತ ಬರೆಯುವ ಮೊದಲು ಸೇರು ಯಾವುದು ಅಂತ ನೋಡಬೇಕಿತ್ತು.

ಅಕ್ಕನ ಮನೆಯಿಂದ ಬಂದ ಮೇಲೆ ಮತ್ತೆ ಅಳೆದೆ. ಗಿಡ್ಡದ್ದು ನನ್ನ ಬಳಿ ಇತ್ತು, ಉದ್ದದ್ದನ್ನ ಅವಳಿಂದ ಒಂದು ವಾರಕ್ಕೆ ತಂದೆ. ಎರಡೂ ಉರುಟು ಕಂಬದ ಆಕಾರದವು, ಬೆಲೆಯಲ್ಲಿ ಸಾವಿರ ರೂಪಾಯಿ ಆಚೀಚೆ. ಡಬ್ಬದ ಮೇಲೆ ಉದ್ದದ್ದಕ್ಕೆ 300, ಗಿಡ್ಡದ್ದಕ್ಕೆ 260. ಹೋಲಿಸೋದಕ್ಕೆ ಒಪ್ಪುವ ಜೋಡಿ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ನಾನು ನೋಡಿದ್ದು ಒಂದೊಂದೇ ಯಂತ್ರವನ್ನ. ಆ ಮಾಡೆಲ್‌ನ ಎಲ್ಲ ಯಂತ್ರಗಳೂ ಹೀಗೇ ಅನ್ನುವ ಹಕ್ಕು ನನಗಿಲ್ಲ.

ನನ್ನ ಮಲಗುವ ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಉದ್ದ, ಹತ್ತು ಎತ್ತರ. 1,200 ಘನ ಅಡಿ, ಅಂದರೆ 34 ಘನ ಮೀಟರ್. ಮಳೆ ಬಂದು ಹೋದ ಮರುದಿನಗಳನ್ನೇ ಆರಿಸಿಕೊಂಡೆ. ಹೊರಗಿನ ಗಾಳಿಯೇ ಕೊಳಕಾಗಿದ್ದರೆ ಅದು ಸಂದಿಯಲ್ಲಿ ನುಗ್ಗಿ ಲೆಕ್ಕ ಕೆಡಿಸುತ್ತೆ. ಕಿಟಕಿ ಬಾಗಿಲು ಹಾಕಿ, ಸೀಲಿಂಗ್ ಫ್ಯಾನ್ ಒಂದರಲ್ಲಿಟ್ಟು (ಗಾಳಿ ಬೆರೆಯಬೇಕಲ್ಲ), ಒಂದು ಊದುಬತ್ತಿ ಹಚ್ಚಿದೆ. ಬೇರೆಯದೇ ಆದ ಒಂದು ಪಿಎಂ 2.5 ಮೀಟರನ್ನ ಯಂತ್ರದಿಂದ ದೂರ, ಹಾಸಿಗೆಯ ಎತ್ತರದಲ್ಲಿಟ್ಟೆ. ಮೀಟರು 300 ದಾಟಿದ ಕೂಡಲೇ ಊದುಬತ್ತಿ ಹೊರಗೆ.

ಮೊದಲ ಸಲ ಯಾವ ಯಂತ್ರವನ್ನೂ ಹಾಕಲಿಲ್ಲ. ಈ ಹೆಜ್ಜೆಯನ್ನ ಎಲ್ಲರೂ ಬಿಡುತ್ತಾರೆ. ಬರೀ ಕೋಣೆಯಲ್ಲೇ ಅರ್ಧ ಗಂಟೆಯಲ್ಲಿ 300 ಇದ್ದದ್ದು 220ಕ್ಕೆ ಬಂತು. ಹೊಗೆ ಗೋಡೆಗೆ ಕೂರುತ್ತೆ, ಬಾಗಿಲ ಸಂದಿಯಲ್ಲಿ ಹೋಗುತ್ತೆ. ಇದನ್ನ ಕಳೆಯದಿದ್ದರೆ ಕೋಣೆ ತಾನಾಗಿ ಮಾಡಿದ ಕೆಲಸದ ಕೀರ್ತಿಯನ್ನೂ ಯಂತ್ರಕ್ಕೆ ಕೊಟ್ಟಂತೆ. ಆಮೇಲೆ ಒಂದೊಂದೇ ಯಂತ್ರ ಹಾಕಿ 200ರಿಂದ 50ಕ್ಕೆ ಇಳಿಯಲು ಎಷ್ಟು ನಿಮಿಷ ಅಂತ ಬರೆದುಕೊಂಡೆ. ಈ ಅಗ್ಗದ ಮೀಟರುಗಳು ಊದುಬತ್ತಿ ಹೊಗೆಯ ನಿಜವಾದ ತೂಕವನ್ನ ಸರಿಯಾಗಿ ಹೇಳೋದಿಲ್ಲ, ನಿಜ. ಆದರೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತೇ ಅನ್ನೋದಕ್ಕೆ ನಿಜವಾದ ತೂಕ ಬೇಕಿಲ್ಲ. ಎರಡಕ್ಕೂ ಒಂದೇ ಮೀಟರು, ಒಂದೇ ಜಾಗ ಇದ್ದರೆ ಸಾಕು.

ಫುಲ್ ಸ್ಪೀಡ್‌ನಲ್ಲಿ ಉದ್ದದ್ದು ಮೂರು ಸಲಕ್ಕೆ 9, 9½, 10 ನಿಮಿಷ. ಗಿಡ್ಡದ್ದು 10½, 11, 11½. ಲೆಕ್ಕ ಬೇಕಾದವರಿಗೆ ಒಂದೇ ಸಾಲು. V ಕೋಣೆಯ ಘನ ಮೀಟರು, t ಗಂಟೆಯಲ್ಲಿ ಹಿಡಿದ ಸಮಯ, k0 ಯಂತ್ರವಿಲ್ಲದೆ ಕೋಣೆಯೇ ಗಂಟೆಗೆ ಇಳಿಸುವ ದರ (ನನ್ನ ಕೋಣೆಗೆ 0.62 ಬಂತು):

```
CADR = V * (ln(200/50)/t - k0)
```

ಹೀಗೆ ಹಾಕಿದರೆ ಉದ್ದದ್ದಕ್ಕೆ ಸುಮಾರು 277, ಗಿಡ್ಡದ್ದಕ್ಕೆ ಸುಮಾರು 236. ಎರಡೂ ತಮ್ಮ ಡಬ್ಬದ ಮೇಲಿನ ಸಂಖ್ಯೆಗಿಂತ ಹತ್ತು ಪರ್ಸೆಂಟಿನಷ್ಟು ಕೆಳಗೆ. ಮಲಗುವ ಕೋಣೆಯಲ್ಲಿ ಊದುಬತ್ತಿ ಹಚ್ಚಿಕೊಂಡು ಮಾಡುವ ಪರೀಕ್ಷೆಯಲ್ಲಿ ಇಷ್ಟು ಆಚೀಚೆ ಆಗೋದು ಸಹಜ. ಇದನ್ನೇ ‘ಕಂಪನಿಯ ಬಣ್ಣ ಬಯಲು’ ಅಂತ ತಲೆಬರಹ ಹಾಕುವವರಿದ್ದಾರೆ. ಬಯಲಾಗೋದು ಅವರ ಬಾಗಿಲ ಸಂದಿ, ಅಷ್ಟೇ. ಇನ್ನು ಎರಡರ ನಡುವಿನ ಒಂದೂವರೆ ನಿಮಿಷದ ಅಂತರ. ಒಂದೇ ಯಂತ್ರ ಮೂರು ಸಲದಲ್ಲಿ ಒಂದು ನಿಮಿಷ ಅತ್ತಿತ್ತ ಆಗಿದೆ. ಹಾಗಾಗಿ ನಾನು ಬರೆಯಬಹುದಾದದ್ದು ‘ಉದ್ದದ್ದು ಸ್ವಲ್ಪ ವೇಗ’ ಅನ್ನುವಷ್ಟು. ‘ಮಣ್ಣು ಮುಕ್ಕಿಸಿತು’ ಅನ್ನುವಷ್ಟಲ್ಲ.

ಆಮೇಲೆ ಅಕ್ಕನ ಪರೀಕ್ಷೆ. ನನ್ನ ಪಟ್ಟಿಯಲ್ಲೇ ಇರಲಿಲ್ಲದ್ದು ಇದು. ಎರಡನ್ನೂ ಒಂದೇ ವೇಗದಲ್ಲಿ ಓಡಿಸಬೇಕು ಅಂತ ಮೊದಲು ಅಂದುಕೊಂಡೆ. ಆದರೆ ಒಂದಕ್ಕೆ ಮೂರು ವೇಗ, ಇನ್ನೊಂದಕ್ಕೆ ಐದು. ಇದರ ಎರಡು ಅದರ ಎರಡಕ್ಕೆ ಸಮ ಅಲ್ಲ. ಮಲಗುವವರಿಗೆ ಸಮ ಇರಬೇಕಾದದ್ದು ಸದ್ದು. ದಿಂಬಿನ ಮೇಲೆ ಫೋನಿಟ್ಟು, ಅದೇ ಫೋನು, ಅದೇ ಆ್ಯಪು, ಎರಡೂ ಯಂತ್ರಗಳನ್ನ ಒಂದೇ ಸದ್ದಿಗೆ ಮೀರದಂತೆ ಎಷ್ಟು ವೇಗಕ್ಕೆ ಏರಿಸಬಹುದೋ ಅಷ್ಟಕ್ಕೆ ನಿಲ್ಲಿಸಿದೆ. ಫೋನು ತೋರಿಸುವ ಡೆಸಿಬೆಲ್ ಸರಿಯಿರಬೇಕಿಲ್ಲ, ಎರಡಕ್ಕೂ ಒಂದೇ ತಪ್ಪು ಇದ್ದರೆ ಆಯಿತು. ಉದ್ದದ್ದು ಒಂದನೇ ವೇಗದಲ್ಲೇ ನಿಲ್ಲಬೇಕಾಯಿತು, ಅದರ ಎರಡನೆಯದು ಒಮ್ಮೆಗೇ ಜಿಗಿಯುತ್ತೆ. ಅಕ್ಕನ ಅಕ್ಕಿ ಮಿಲ್ಲು ಅದೇ. ಗಿಡ್ಡದ್ದು ಎರಡನೇ ವೇಗದವರೆಗೆ ಹೋಯಿತು. ಈಗ 200ರಿಂದ 50ಕ್ಕೆ ಉದ್ದದ್ದು 34ರಿಂದ 36 ನಿಮಿಷ, ಗಿಡ್ಡದ್ದು 22ರಿಂದ 24. ಲೆಕ್ಕ ಹಾಕಿದರೆ ಗಂಟೆಗೆ 60 ಘನ ಮೀಟರಿಗೆ ಎದುರಾಗಿ 100.

ನಾನು ಡಬ್ಬ ಅಂದದ್ದು ರಾತ್ರಿಯ ಸದ್ದಿನಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ಇದು ಮೂರು ಸಲ ಮಾಡಿದಾಗಲೂ ಅಲ್ಲಾಡದ ಅಂತರ, ಆದ್ದರಿಂದ ಧೈರ್ಯವಾಗಿ ಹೇಳಬಹುದು. ಹಾಗಂತ ಈಗ ತಿರುಗಿ ನಿಂತು ಉದ್ದದ್ದಕ್ಕೆ ‘ಡಬ್ಬ’ ಪಟ್ಟ ಕಟ್ಟಿದರೆ ನಾನು ಕಲಿತದ್ದೇನೂ ಇಲ್ಲ. ಗಿಡ್ಡದ್ದಕ್ಕೂ ಹೇಳಬೇಕಾದ ಮಾತಿದೆ. ಅದರ ಫಿಲ್ಟರು 2,200 ರೂಪಾಯಿ, ಕಂಪನಿಯೇ ಹೇಳುವ ಆಯಸ್ಸು ಎಂಟು ತಿಂಗಳು, ವರ್ಷಕ್ಕೆ 3,300 ಬಿತ್ತು. ಉದ್ದದ್ದರದು 2,800, ಹನ್ನೆರಡು ತಿಂಗಳು. ‘ಗಿಡ್ಡದ್ದರ ಫಿಲ್ಟರು ವರ್ಷಕ್ಕೆ ಐನೂರು ಹೆಚ್ಚು ತಿನ್ನುತ್ತೆ’ ಅನ್ನೋದು ಆ ಕಂಪನಿಗೆ ಹಿತವಾದ ಮಾತಲ್ಲ. ಆದರೆ ಹೀಯಾಳಿಕೆಯೂ ಅಲ್ಲ. ಬೇಕಿದ್ದರೆ ಅವರೇ ಬಂದು ಗುಣಿಸಿ ನೋಡಲಿ. ‘ಫಿಲ್ಟರಿನಲ್ಲಿ ಸುಲಿಗೆ ಮಾಡ್ತಾರೆ’ ಅಂತ ಬರೆದರೆ ಅವರ ಮನಸ್ಸಿನೊಳಗೆ ಹೊಕ್ಕು ಉದ್ದೇಶ ನೋಡಿಬಂದಂತೆ ಮಾತಾಡಿದೆ ಅಂತ. ಅದನ್ನ ಅಳೆಯುವ ಮೀಟರು ನನ್ನ ಬಳಿ ಇಲ್ಲ.

ನಾವು ಸಾಫ್ಟ್‌ವೇರಿನವರು ಇದನ್ನ ದಿನಾ ಮಾಡ್ತೀವಿ, ಅದೇ ನನಗೆ ಆಶ್ಚರ್ಯ. ಯಾರಾದರೂ ‘ನಿಮ್ಮ ಮಾಡ್ಯೂಲ್ ದರಿದ್ರವಾಗಿದೆ’ ಅಂತ ಬಗ್ ಹಾಕಿದರೆ ಮುಖ ನೋಡದೆ ಕ್ಲೋಸ್ ಮಾಡ್ತೀವಿ. ಯಾವ ವರ್ಷನ್, ಯಾವ ಇನ್‌ಪುಟ್, ಏನು ಬರಬೇಕಿತ್ತು, ಏನು ಬಂತು ಅಂತ ಕೇಳ್ತೀವಿ. ಸಂಜೆ ಮನೆಗೆ ಹೋಗಿ ಇನ್ನೊಬ್ಬರ ಯಂತ್ರದ ಬಗ್ಗೆ ಬರೆಯುವಾಗ ಆ ಶಿಸ್ತು ಟೆಕ್ ಪಾರ್ಕಿನ ಗೇಟಿನಲ್ಲೇ ಉಳಿಯುತ್ತೆ.

‘ನಿಂಗೆ ಲೀಗಲ್ ನೋಟಿಸ್ ಭಯ, ಅದಕ್ಕೇ ಈ ಸಾಚಾತನ’ ಅಂತ ಒಬ್ಬ ಗೆಳೆಯ ಛೇಡಿಸಿದ. ಭಯ ಇದ್ದರೂ ತಪ್ಪಿಲ್ಲ, ಆದರೆ ಕೋರ್ಟುಗಳು ಏನಂದಿವೆ ಅಂತ ಓದಿದರೆ ವಿಷಯ ತಿರುಗುತ್ತೆ. ಒಂದು ಕಂಪನಿ ಇನ್ನೊಂದರ ಬಗ್ಗೆ ಮಾತಾಡುವಾಗಿನ ನಿಯಮ ಹಳೆಯದು. ಸೊಳ್ಳೆ ಕ್ರೀಮಿನ ಜಾಹೀರಾತಿನ ಡಾಬರ್–ಕಲರ್‌ಟೆಕ್ ಕೇಸಿನಲ್ಲಿ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದರ ಸಾರ ಇಷ್ಟು: ನಿನ್ನದನ್ನ ಎಷ್ಟು ಬೇಕಾದರೂ ಹೊಗಳಿಕೋ, ಎದುರಾಳಿಯದನ್ನ ಕೆಟ್ಟದ್ದು ಅನ್ನಬೇಡ. ಕಂಪನಿಯಲ್ಲದ, ನಮ್ಮಂತೆ ಬರೆಯುವ, ಮಾತಾಡುವ ಒಬ್ಬಂಟಿಗಳಿಗೆ ಏನು ಅನ್ನುವ ಪ್ರಶ್ನೆ ದೊಡ್ಡದಾಗಿ ಬಂದದ್ದು ಪ್ಯಾರಾಶೂಟ್ ಕೊಬ್ಬರಿ ಎಣ್ಣೆಯ ಕೇಸಿನಲ್ಲಿ. ಒಬ್ಬ ಯೂಟ್ಯೂಬರ್ ಆ ಎಣ್ಣೆಯನ್ನ ಫ್ರೀಜರಿನಲ್ಲಿಟ್ಟು ಬೇರೆ ಎಣ್ಣೆಯ ಜೊತೆ ಹೋಲಿಸಿದ್ದ. 2020ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ ವಿಡಿಯೊ ತೆಗೆಯಲು ಹೇಳಿತು, ಮುಂದಿನ ತಿಂಗಳು ಮೇಲ್ಮನವಿಯಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು. ನನಗೆ ಅದರಲ್ಲಿ ನಾಟಿದ್ದು ಗೆದ್ದವರು ಯಾರು ಅನ್ನೋದಲ್ಲ. ಕೊಬ್ಬರಿಯಿಂದ ತೆಗೆದ ಸಾಮಾನ್ಯ ಎಣ್ಣೆಯನ್ನ ಹಸಿ ಕಾಯಿಯಿಂದ ತೆಗೆದ ಬೇರೆ ಜಾತಿಯ ಎಣ್ಣೆಯ ಪಕ್ಕ ಇಟ್ಟು ತೂಗಿದ್ದು ಸರಿಯೇ ಅಂತ ಏಕಸದಸ್ಯ ಪೀಠ ಕೇಳಿದ್ದು. ಟರ್ಬೋವನ್ನ ಆಟೋದ ಪಕ್ಕ ಇಟ್ಟವನಿಗೆ ಅದು ತಾಗದೆ ಇರುತ್ತಾ?

2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಒಂದು ಪ್ರೋಟೀನ್ ಪುಡಿಯ ಕೇಸು ಬಂತು. ಪುಡಿಯನ್ನ ಟೀಕಿಸಿದವರ ಕೈಯಲ್ಲಿ ಲ್ಯಾಬ್ ವರದಿ ಇತ್ತು. ಕಂಪನಿ ಕೇಳಿದ ತಾತ್ಕಾಲಿಕ ತಡೆಯನ್ನ ಕೋರ್ಟು ಕೊಡಲಿಲ್ಲ. ಟೀಕೆ ಮೆದುವಾಗಿತ್ತು ಅಂತಲ್ಲ, ಹಿಂದೆ ಅಳತೆ ಇತ್ತು ಅಂತ. ನನ್ನ ಗೆಳೆಯ ಅಂದುಕೊಂಡದ್ದಕ್ಕೆ ಇದು ಪೂರ್ತಿ ಉಲ್ಟಾ. ಅಳತೆ ಇದ್ದರೆ ಗಟ್ಟಿಯಾಗಿ ಹೇಳಬಹುದು. ಇಲ್ಲದವನೇ ‘ಡಬ್ಬ’ ಅಂತ ಕೂಗೋದು. (ಯಂತ್ರ ಪುಕ್ಕಟೆ ಬಂದಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ, ಜಾಹೀರಾತು ಮಂಡಳಿ ಎಎಸ್‌ಸಿಐನ ನಿಯಮವೂ 2021ರಿಂದ ಅದನ್ನ ಕೇಳುತ್ತೆ. ನನ್ನವೆರಡೂ ದುಡ್ಡು ಕೊಟ್ಟು ತಂದವು.)

ಇನ್ನೊಂದು ಊರಿನ ಕಥೆ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತೆ. ಸಂಕ್ರಾಂತಿಗೆ ಸತ್ತೇಗಾಲಕ್ಕೆ ಹೋಗುವಾಗ ಗಿಡ್ಡದ್ದನ್ನ ಕಾರಿನಲ್ಲಿ ಹಾಕಿಕೊಂಡು ಹೋದೆ. ಕಬ್ಬಿನ ಕಾಲ, ಗದ್ದೆಗಳಲ್ಲಿ ತರಗು ಸುಡುತ್ತಾರೆ, ಆಲೆಮನೆಯ ಹೊಗೆ ಸಂಜೆಗೆ ಕೆಳಗೇ ಹಾಸಿಕೊಂಡು ಬರುತ್ತೆ. ಅವ್ವನಿಗೆ ಕೆಮ್ಮು. ನಮ್ಮದು ಹೆಂಚಿನ ಮನೆ. ನಡುಮನೆಯಲ್ಲಿಟ್ಟು ಫುಲ್ ಸ್ಪೀಡಿನಲ್ಲಿ ಹಾಕಿದೆ. ಹೊರಗೆ ಮೀಟರು 120 ತೋರಿಸುವಾಗ ಒಳಗೆ ಎರಡು ಗಂಟೆ ಕಳೆದರೂ 80ರ ಹತ್ತಿರವೇ ನಿಂತಿತು. ಹೋದ ಸಲದ ನಾನಾಗಿದ್ದರೆ ಆ ರಾತ್ರಿಯೇ ಬರೆದುಬಿಡುತ್ತಿದ್ದೆ, ‘ಎಂಥಾ ಮಾಲು ಸ್ವಾಮಿ ಇದು’ ಅಂತ. ಅಪ್ಪ ಜಗಲಿಯಿಂದಲೇ ಅಂದರು: ‘ಸೂರ್ನಲ್ಲಿ ಆಕಾಸ ಕಾಣ್ತದೆ. ಅದೇನ್ ಸೋಸ್ಯಾತು ಅದು?’

ಮರುದಿನ ಊದುಬತ್ತಿ ಪರೀಕ್ಷೆ ಮಾಡಿದೆ, ಯಂತ್ರ ಹಾಕದೆ. ಬೆಂಗಳೂರಿನ ಕೋಣೆಯಲ್ಲಿ ಅರ್ಧ ಗಂಟೆಗೂ ಅರ್ಧಕ್ಕೆ ಇಳಿಯದ ಹೊಗೆ ಇಲ್ಲಿ ಏಳೇ ನಿಮಿಷದಲ್ಲಿ ಅರ್ಧವಾಯಿತು. ಅಂದರೆ ಹೆಂಚಿನ ಸಂದಿಯಲ್ಲಿ ಮನೆಯ ಗಾಳಿ ಗಂಟೆಗೆ ಐದಾರು ಸಲ ಬದಲಾಗುತ್ತಿತ್ತು. ನಡುಮನೆ 90 ಘನ ಮೀಟರು. ಈ ಯಂತ್ರ ಗಂಟೆಗೆ ಅದನ್ನ ಎರಡೂವರೆ ಸಲ ಸೋಸಬಲ್ಲದು. ಸೋಸಿದ್ದಕ್ಕಿಂತ ಎರಡು ಪಟ್ಟು ಹೊಗೆಗಾಳಿ ಒಳಗೆ ಬರುತ್ತಿದೆ, ಆದ್ದರಿಂದ ಮೂರರಲ್ಲಿ ಒಂದು ಪಾಲು ಇಳಿಯಿತು, ಅಷ್ಟೇ ಇಳಿಯಬೇಕಿತ್ತು. ಅಲ್ಲಿ ಉದ್ದದ್ದನ್ನ ಇಟ್ಟಿದ್ದರೂ ಹೆಚ್ಚೂ ಕಡಿಮೆ ಇದೇ ಗತಿ. ‘ಈ ಬ್ರ್ಯಾಂಡು ತಂದೆ, ಏನೂ ಪ್ರಯೋಜನ ಆಗಲಿಲ್ಲ’ ಅನ್ನುವ ದೂರುಗಳಲ್ಲಿ ಎಷ್ಟು ಬ್ರ್ಯಾಂಡಿನವು, ಎಷ್ಟು ಕಿಟಕಿಯವು ಅಂತ ಅವತ್ತಿನಿಂದ ನನಗೆ ಅನುಮಾನ. ಅವ್ವನಿಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ತಾರಸಿ ಹಾಕಿದ ಒಂದು ಪುಟ್ಟ ಕೋಣೆ. ಮೊದಲು ಅದು ರೇಷ್ಮೆ ಹುಳುವಿನ ಕೋಣೆ.

ಹಳೆಯ ಬರಹವನ್ನ ಅಳಿಸಲಿಲ್ಲ. ಆ ಸಾಲಿಗೆ ಗೀಟು ಹಾಕಿ, ಕೆಳಗೆ ಕೋಣೆಯ ಅಳತೆ, ವೇಗ, ಸದ್ದು, ಮೂರು ಮೂರು ಸಲದ ನಿಮಿಷಗಳು, ಫಿಲ್ಟರಿನ ಲೆಕ್ಕ ಎಲ್ಲ ಸೇರಿಸಿದೆ. ಲಿಫ್ಟಿನಲ್ಲಿ ಈ ಸಲ ಯಾರೂ ಮಾತಾಡಿಸಲಿಲ್ಲ. ಆದರೆ ಅದನ್ನ ಓದಿದ ಒಬ್ಬರು ತಮ್ಮ ಕೋಣೆಯಲ್ಲಿ ಅದೇ ಪರೀಕ್ಷೆ ಮಾಡಿ, ತಮ್ಮ ಗಿಡ್ಡದ್ದಕ್ಕೆ ರಾತ್ರಿಯ ಸದ್ದಿನಲ್ಲಿ 100 ಬರಲಿಲ್ಲ, 85 ಬಂತು ಅಂತ ಕಳಿಸಿದರು. ಅದನ್ನೂ ಸೇರಿಸಿದ್ದೀನಿ. ‘ಡಬ್ಬ’ ಅಂತ ಬರೆದಿದ್ದಾಗ ಯಾರೂ ಅದನ್ನ ತಿದ್ದಿರಲಿಲ್ಲ, ತಿದ್ದಲು ಅದರಲ್ಲಿ ಏನಿತ್ತು?

ಅಕ್ಕನಿಗೆ ಉದ್ದದ್ದನ್ನ ವಾಪಸ್ ಕೊಡುವಾಗ ‘ಮಾರಿಬಿಡು, ಗಿಡ್ಡದ್ದು ಕೊಡಿಸ್ತೀನಿ’ ಅಂದೆ. ಅವಳು ಲೆಕ್ಕ ಕೇಳಿದಳು. ಹೇಳುತ್ತಾ ಹೋದಾಗ ನನಗೇ ಗೊತ್ತಾಯಿತು, ಮಾರುವ ಅಗತ್ಯ ಇರಲಿಲ್ಲ. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಬಾಗಿಲು ಹಾಕಿ ಫುಲ್ ಸ್ಪೀಡಿನಲ್ಲಿ ಬಿಟ್ಟರೆ ಕೋಣೆ ಪೂರ್ತಿ ಇಳಿದಿರುತ್ತೆ. ಮಲಗುವಾಗ ಒಂದಕ್ಕೆ ಇಳಿಸಿದರೆ ಆಮೇಲೆ ಸಂದಿಯಲ್ಲಿ ಬರುವಷ್ಟನ್ನ ಹಿಡಿದಿಡಲು ಆ 60 ಸಾಕು. ಕಿಟಕಿ ಇಡೀ ರಾತ್ರಿ ಮುಚ್ಚಿದರೆ ಮೂರು ಜನರ ಉಸಿರಿಗೆ ಕೋಣೆ ಉಬ್ಬೆಯಾಗುತ್ತೆ, ಅದನ್ನ ಯಾವ ಪ್ಯೂರಿಫೈಯರೂ ಸೋಸಲ್ಲ, ಹಾಲಿನ ಕಡೆಯ ಬಾಗಿಲನ್ನ ಒಂದು ಬೆರಳಷ್ಟು ತೆಗೆದಿಡು ಅಂತಲೂ ಹೇಳಿದೆ. ಮಗನ ಡಾಕ್ಟರು ಕೊಟ್ಟ ಪಂಪು ನಿಲ್ಲಿಸಬೇಡ ಅಂದೆ, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೊನ್ನೆ ಹೋದಾಗ ಮಿಕ್ಸಿ ಕವರು ಮಿಕ್ಸಿಯ ಮೇಲಿತ್ತು. ಯಂತ್ರ ಓಡುತ್ತಿತ್ತು, ಒಂದರಲ್ಲಿ. ಅದರ ನೆತ್ತಿಯ ನೀಲಿ ಲೈಟಿನ ಮೇಲೆ ಅಕ್ಕ ಎರಡು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಳು. ‘ಇದು ಕಣ್ಗೆ ಹೊಡಿತಿತ್ತು ಕನ ತಮ್ಮ, ನೀನು ಇದ ಬರಿಲೇ ಇಲ್ವಲ್ಲ’ ಅಂದಳು. ಗಿಡ್ಡದ್ದರಲ್ಲಿ ಲೈಟು ಆರಿಸುವ ಬಟನ್ ಇದೆ. ಉದ್ದದ್ದರಲ್ಲಿ ಇಲ್ಲ.